ಮೇಂಟೆನೆನ್ಸ್ ದಿನ ಬಂದರೂ ಸ್ಪೇರ್ ಬಂದಿರುವುದಿಲ್ಲ, ಯಾಕೆ?

ಪ್ರಶ್ನೆ: ಎಸ್‌ಎಪಿಯಲ್ಲಿ ಪ್ರಿವೆಂಟಿವ್ ಮೇಂಟೆನೆನ್ಸ್ ಪ್ಲಾನ್ ಇದೆ. ಆದರೂ ಪಂಪ್ ಬಿಚ್ಚುವ ದಿನ ಸ್ಟೋರಿನಲ್ಲಿ ಸೀಲ್ ಇರುವುದಿಲ್ಲ. ಏನು ತಪ್ಪು?

ಉತ್ತರ: ಮೊದಲು ಪ್ಲಾನಿನ ಕಾಲ್ ಹಾರಿಜಾನ್ ನೋಡಿ. ಬಹಳ ಸಲ ತಪ್ಪು ಅಲ್ಲೇ ಇರುತ್ತದೆ.

ಪಂಪಿನ ಸೈಕಲ್ 90 ದಿನ, ಕಾಲ್ ಹಾರಿಜಾನ್ 90% ಅಂದುಕೊಳ್ಳಿ. ಆಗ ವರ್ಕ್ ಆರ್ಡರ್ ಹುಟ್ಟುವುದು 81ನೇ ದಿನ. ಸೀಲಿನ ರಿಸರ್ವೇಶನ್ ಬೀಳುವುದೂ ಆಮೇಲೆಯೇ. ಸಪ್ಲೈಯರ್‌ಗೆ 45 ದಿನ ಬೇಕು ಅಂದರೆ ಉಳಿದ 9 ದಿನದಲ್ಲಿ ಅದು ಹೇಗೆ ಬರುತ್ತೆ? 40% ಇಟ್ಟರೆ ಆರ್ಡರ್ 36ನೇ ದಿನವೇ ತೆರೆಯುತ್ತದೆ, ಕೈಯಲ್ಲಿ 54 ದಿನ ಇರುತ್ತದೆ. ಟಾಸ್ಕ್ ಲಿಸ್ಟಿನಲ್ಲಿ ಅತಿ ತಡವಾಗಿ ಬರುವ ಭಾಗ ಯಾವುದೋ, ಅದನ್ನು ನೋಡಿಯೇ ಈ ಅಂಕಿ ಇಡಬೇಕು.

ಸೀಲನ್ನು ಟಾಸ್ಕ್ ಲಿಸ್ಟಿಗೆ ಕಾಂಪೊನೆಂಟ್ ಆಗಿ ಸೇರಿಸಿರಬೇಕು. ಸುಮ್ನೆ "ಸೀಲ್ ಬದಲಿಸಿ" ಅಂತ ಬರೆದಿದ್ದರೆ ಸ್ಟೋರಿಗೆ ಸುದ್ದಿಯೇ ಹೋಗುವುದಿಲ್ಲ.

ಇನ್ನೊಂದು ಸಾಮಾನ್ಯ ತೊಡಕು: ಆರ್ಡರ್ ಟೈಪಿನಲ್ಲಿ ರಿಸರ್ವೇಶನ್ "ರಿಲೀಸ್ ಆದ ಮೇಲೆ" ಅಂತ ಇದ್ದರೆ, ಪ್ಲಾನರ್ ರಿಲೀಸ್ ಮಾಡುವವರೆಗೆ, ಖರೀದಿಯ ಲೆಕ್ಕ ಹಾಕುವ ಎಂಆರ್‌ಪಿಗೆ ಏನೂ ಕಾಣುವುದಿಲ್ಲ. ಬೇಗ ಆರ್ಡರ್ ತೆರೆದದ್ದು ವ್ಯರ್ಥ, ಅಲ್ವಾ? ಹೀಗಾಗಿ ನಾನು "ತಕ್ಷಣ" ಅನ್ನುವುದನ್ನೇ ಆರಿಸುತ್ತೇನೆ.

ಮೆಟೀರಿಯಲ್ ಮಾಸ್ಟರಿನಲ್ಲಿ ಎಂಆರ್‌ಪಿ ಟೈಪ್ ಕೂಡ ನೋಡಿ. `ND` ಇದ್ದರೆ ಖರೀದಿ ಪ್ರಸ್ತಾಪವೇ ಹುಟ್ಟುವುದಿಲ್ಲ. `VB` ಸ್ಟಾಕ್ ಮಟ್ಟವನ್ನಷ್ಟೇ ನೋಡುತ್ತದೆ, ಮುಂದಿನ ತಿಂಗಳ ರಿಸರ್ವೇಶನ್ ಅದಕ್ಕೆ ಲೆಕ್ಕವಿಲ್ಲ. ಪ್ಲಾನಿನ ಪ್ರಕಾರ ಬದಲಿಸುವ ಭಾಗಕ್ಕೆ, ರಿಸರ್ವೇಶನನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ `PD` ಸರಿಹೋಗುತ್ತದೆ. ಹಠಾತ್ತನೆ ಕೆಡುವ ಭಾಗಕ್ಕೆ ಮಾತ್ರ ಸೇಫ್ಟಿ ಸ್ಟಾಕ್ ಬೇರೆ ಇಡಿ.

ಎಲ್ಲ ಸರಿಯಾಯಿತೇ ಅಂತ ತಿಳಿಯಲು ಸ್ಟಾಕ್ ಮತ್ತು ಬೇಡಿಕೆ ತೋರಿಸುವ `MD04` ತೆರೆಯಿರಿ. ಸೀಲಿನ ಸಾಲಿನಲ್ಲಿ ನಿಮ್ಮ ಆರ್ಡರಿನ ರಿಸರ್ವೇಶನ್, ಸರಿಯಾದ ತಾರೀಖಿನೊಂದಿಗೆ ಕಾಣಬೇಕು.