ಆರ್‌ಸಿಸಿ ಮನೆಯೊಳಗೆ ಸಿಗ್ನಲ್ ಏಕೆ ಸಿಗುವುದಿಲ್ಲ?

ಪ್ರಶ್ನೆ: ಕಲಬುರಗಿಯಲ್ಲಿ ಹೊಸ ಆರ್‌ಸಿಸಿ ಮನೆ ಕಟ್ಟಿಸಿದ್ದೇವೆ. ಮಾಳಿಗೆಯ ಮೇಲೆ ಸಿಗ್ನಲ್ ಚೆನ್ನಾಗಿದೆ, ಒಳಕೋಣೆಯಲ್ಲಿ ಕರೆ ಕಡಿದುಹೋಗುತ್ತದೆ. ರಿಪೀಟರ್ ಹಾಕಿಸಬೇಕೇ?

ಉತ್ತರ: ಮನೆಯಲ್ಲಿ ಬ್ರಾಡ್‌ಬ್ಯಾಂಡ್ ಇದ್ದರೆ ಬೇಡ, ವೈಫೈ ಕಾಲಿಂಗ್ ಸಾಕು.

ಟವರ್‌ನಿಂದ ಬರುವ ರೇಡಿಯೋ ಅಲೆಗಳನ್ನು ಕಾಂಕ್ರೀಟ್ ಹೀರಿಕೊಳ್ಳುತ್ತದೆ. ಅದರೊಳಗಿನ ಕಬ್ಬಿಣದ ಸರಳುಗಳ ಜಾಲ ಒಂದಷ್ಟನ್ನು ಹಿಂದಕ್ಕೆ ಪ್ರತಿಫಲಿಸುತ್ತದೆ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಸಿಗ್ನಲ್ ಬಲ ನೋಡಿ. ಮಾಳಿಗೆಯಲ್ಲಿ -85 dBm, ಒಳಕೋಣೆಯಲ್ಲಿ -115 dBm ಇದೆ ಎನ್ನೋಣ. ಪ್ರತಿ 10ರ ಇಳಿಕೆಗೆ ಶಕ್ತಿ ಹತ್ತನೇ ಒಂದು ಪಾಲಾಗುತ್ತದೆ. ಅಂದರೆ 30 ಇಳಿದಾಗ ಒಳಗೆ ಉಳಿಯುವುದು ಸಾವಿರದಲ್ಲಿ ಒಂದು ಪಾಲು.

ರಿಪೀಟರ್ ಮಾಳಿಗೆಯ ಆಂಟೆನಾದಿಂದ ಸಿಗ್ನಲ್ ಹಿಡಿದು, ಬಲಪಡಿಸಿ, ಒಳಗಿನ ಆಂಟೆನಾದಿಂದ ಹರಡುತ್ತದೆ. ಎರಡು ಆಂಟೆನಾಗಳು ಹತ್ತಿರವಿದ್ದರೆ ತನ್ನದೇ ಸಿಗ್ನಲ್ಲನ್ನು ಮತ್ತೆ ಹಿಡಿದು ಗದ್ದಲವೆಬ್ಬಿಸುತ್ತದೆ, ಇಡೀ ಓಣಿಯ ಕರೆಗಳು ಕೆಡುತ್ತವೆ. ಭಾರತದಲ್ಲಿ ಅನುಮತಿಯಿಲ್ಲದೆ ಖಾಸಗಿಯಾಗಿ ಅಳವಡಿಸುವುದು ಕಾನೂನುಬಾಹಿರ. ಅಂಗಡಿಯವರು ಏನೇ ಹೇಳಲಿ, ಕೊಳ್ಳಬೇಡಿ.

ವೈಫೈ ಕಾಲಿಂಗ್‌ನಲ್ಲಿ ಕರೆ ನಿಮ್ಮ ರೂಟರ್ ಮೂಲಕ ಇಂಟರ್ನೆಟ್‌ನಲ್ಲಿ ಸಾಗಿ ಮೊಬೈಲ್ ಕಂಪನಿಯ ಜಾಲ ಸೇರುತ್ತದೆ. ಗೋಡೆ ದಾಟಿ ಟವರ್ ಮುಟ್ಟುವ ಅಗತ್ಯವೇ ಇಲ್ಲ. ನಂಬರ್ ಅದೇ ಇರುತ್ತದೆ. ಫೋನ್ ಮತ್ತು ಕಂಪನಿ ಎರಡರಲ್ಲೂ ಈ ಸೌಲಭ್ಯವಿರಬೇಕು. ಸೆಟ್ಟಿಂಗ್ಸ್‌ನಲ್ಲಿ Wi-Fi Calling ಆನ್ ಮಾಡಿ, ಏರೋಪ್ಲೇನ್ ಮೋಡ್‌ಗೆ ಹಾಕಿ, ವೈಫೈ ಮಾತ್ರ ಚಾಲೂ ಇಟ್ಟು ಕರೆ ಮಾಡಿ ನೋಡಿ. ಹೋದರೆ ಕೆಲಸ ಮಾಡುತ್ತಿದೆ ಎಂದರ್ಥ. ಕರೆಂಟ್ ಹೋದರೆ ಇದೂ ನಿಲ್ಲುತ್ತದೆ, ಆದ್ದರಿಂದ ರೂಟರನ್ನು ಇನ್ವರ್ಟರ್‌ಗೆ ಜೋಡಿಸಿ.