ಗೊತ್ತಿಲ್ಲದ ಕಾರ್ಡ್ ವಹಿವಾಟಿಗೆ ಬ್ಯಾಂಕಿಗೆ ಪತ್ರ

ಪ್ರಶ್ನೆ: ನನ್ನ ಕ್ರೆಡಿಟ್ ಕಾರ್ಡಿನಲ್ಲಿ ನಾನು ಮಾಡದ ಡಾಲರ್ ವಹಿವಾಟು ಬಂದಿದೆ. ಒಟಿಪಿ ಕೂಡ ಬಂದಿಲ್ಲ. ಬ್ಯಾಂಕಿಗೆ ಏನಂತ ಬರೆಯಲಿ?

ನಾನು ಕಾರ್ಡ್ ವಿಭಾಗದಲ್ಲಿ ಇಂಥ ಪತ್ರಗಳನ್ನು ಓದುವ ಕೆಲಸ ಮಾಡಿದ್ದೇನೆ. ಕಥೆ ಜಾಸ್ತಿ, ಅಂಕಿ ಕಡಿಮೆ ಇರುವ ಪತ್ರಗಳೇ ಹೆಚ್ಚು. ಮೊದಲು ಸಹಾಯವಾಣಿಗೆ ಫೋನ್ ಮಾಡಿ ಕಾರ್ಡ್ ಬ್ಲಾಕ್ ಮಾಡಿಸಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ನೀವು ಯಾವಾಗ ತಿಳಿಸಿದಿರಿ ಅನ್ನುವುದಕ್ಕೆ ಅದೇ ಸಾಕ್ಷಿ. ಆಮೇಲೆ ಹೀಗೆ ಬರೆಯಿರಿ (ಅಂಕಿಗಳು ಉದಾಹರಣೆಗೆ):

"ದಿನಾಂಕ: 13-06-2025. ವಿಷಯ: 1234ರಲ್ಲಿ ಕೊನೆಯಾಗುವ ಕಾರ್ಡಿನಲ್ಲಿ ಅನಧಿಕೃತ ವಹಿವಾಟು.

11-06-2025ರ ರಾತ್ರಿ 11:42ಕ್ಕೆ 214.50 ಅಮೆರಿಕನ್ ಡಾಲರ್ ವಹಿವಾಟಿನ ಎಸ್ಸೆಮ್ಮೆಸ್ ಬಂತು. ಇದನ್ನು ನಾನು ಮಾಡಿಲ್ಲ, ಯಾರಿಗೂ ಅನುಮತಿ ಕೊಟ್ಟಿಲ್ಲ. ಒಟಿಪಿ ಬಂದಿಲ್ಲ. ಕಾರ್ಡ್ ನನ್ನ ಬಳಿಯೇ ಇದೆ. ಅದೇ ರಾತ್ರಿ 11:58ಕ್ಕೆ ಕರೆ ಮಾಡಿ ಬ್ಲಾಕ್ ಮಾಡಿಸಿದ್ದೇನೆ. ದೂರಿನ ಸಂಖ್ಯೆ: ____.

ಖಾತೆಗೆ ಹಾಕಿರುವ ಮೊತ್ತ: ವಹಿವಾಟು ₹18,447.00, ವಿದೇಶಿ ಕರೆನ್ಸಿ ಶುಲ್ಕ ₹645.65, ಅದರ ಮೇಲಿನ ಜಿಎಸ್‌ಟಿ ₹116.22. ಒಟ್ಟು ₹19,208.87. ಆರ್‌ಬಿಐನ 06-07-2017ರ ಸುತ್ತೋಲೆಯಂತೆ ಪೂರ್ತಿ ಮೊತ್ತವನ್ನು ವಹಿವಾಟಿನ ದಿನಾಂಕದಿಂದಲೇ ಅನ್ವಯವಾಗುವಂತೆ ವಾಪಸ್ ಜಮಾ ಮಾಡಿ, ಇದರ ಮೇಲೆ ಬಡ್ಡಿ, ದಂಡ ಹಾಕಬೇಡಿ."

ಆ ಮೂರು ಸಾಲಿನ ಮೊತ್ತವೇ ಮುಖ್ಯ. ಎಸ್ಸೆಮ್ಮೆಸ್‌ನಲ್ಲಿ ಡಾಲರ್ ಮಾತ್ರ ಕಾಣಬಹುದು. ಶುಲ್ಕ ಮತ್ತು ತೆರಿಗೆ ಸ್ಟೇಟ್‌ಮೆಂಟಿನಲ್ಲಿ ಬೇರೆ ಸಾಲುಗಳಾಗಿ ಬರುತ್ತವೆ. ನೀವು ₹18,447 ಅಂತ ಮಾತ್ರ ಬರೆದರೆ ಉಳಿದ ₹761.87 ಅಲ್ಲೇ ಕೂತಿರುತ್ತದೆ. ಸ್ಟೇಟ್‌ಮೆಂಟಿನಲ್ಲಿ ಲೆಕ್ಕಕ್ಕೆ ಬಿದ್ದ ದಿನ ಬೇರೆಯಿದ್ದರೆ ಎರಡೂ ದಿನಾಂಕ ಬರೆಯಿರಿ.

ಒಟಿಪಿ ಬರದಿದ್ದುದಕ್ಕೆ ಗಾಬರಿ ಬೇಡ. ಎಷ್ಟೋ ವಿದೇಶಿ ವೆಬ್‌ಸೈಟುಗಳು ಕಾರ್ಡಿನ ಮೇಲಿರುವ ವಿವರಗಳು ಇದ್ದರೆ ಸಾಕು, ಒಟಿಪಿ ಕೇಳುವುದೇ ಇಲ್ಲ. ಅದು ನಿಮ್ಮ ಪರವಾದ ಅಂಶ. "ಮನೆಯವರು ಯಾರಾದರೂ ಮಾಡಿರಬಹುದೇನೋ" ಅಂತೆಲ್ಲ ಸುಮ್ನೆ ಊಹೆ ಬರೆಯಬೇಡಿ. ಸಿವಿವಿ, ಪೂರ್ತಿ ಕಾರ್ಡ್ ನಂಬರ್ ಕೂಡ ಬೇಡ.

ಮಾಹಿತಿ ಹೊರಗೆಲ್ಲೋ ಸೋರಿ ಹೀಗಾಗಿದ್ದರೆ, ಸುತ್ತೋಲೆಯ ಪ್ರಕಾರ ಎಸ್ಸೆಮ್ಮೆಸ್ ಬಂದು ಮೂರು ಕೆಲಸದ ದಿನಗಳೊಳಗೆ ತಿಳಿಸಿದವರಿಗೆ ನಷ್ಟದ ಹೊಣೆ ಇಲ್ಲ. ಸಂದೇಶ ಬಂದ ದಿನ ಲೆಕ್ಕಕ್ಕಿಲ್ಲ. ಮೇಲಿನ ಉದಾಹರಣೆಯಲ್ಲಿ 12, 13 ಆದಮೇಲೆ ಎರಡನೇ ಶನಿವಾರ, ಭಾನುವಾರ. ಹಾಗಾಗಿ 16ರ ಸೋಮವಾರ ಮೂರನೇ ದಿನ.

ನೀವು ತಿಳಿಸಿದ ಹತ್ತು ಕೆಲಸದ ದಿನಗಳಲ್ಲಿ ಹಣ ತಾತ್ಕಾಲಿಕವಾಗಿ ಜಮಾ ಆಗಬೇಕು. 90 ದಿನಗಳಲ್ಲಿ ತೀರ್ಮಾನವಾಗಬೇಕು. ತಪ್ಪು ಗ್ರಾಹಕರದು ಅಂತ ಸಾಬೀತು ಮಾಡುವ ಹೊಣೆ ಬ್ಯಾಂಕಿನದು. 30 ದಿನ ಕಳೆದರೂ ಉತ್ತರ ಬರದಿದ್ದರೆ cms.rbi.org.in ನಲ್ಲಿ ಒಂಬುಡ್ಸ್‌ಮನ್‌ಗೆ ದೂರು ಕೊಡಿ, ಈ ಪತ್ರದ ಪ್ರತಿಯನ್ನೂ ಲಗತ್ತಿಸಿ.