ಮಾರ್ಕೆಟ್ ಆರ್ಡರ್ ಹಾಕಿದರೆ ರೇಟು ಯಾಕೆ ಏರುತ್ತೆ?

ಪ್ರಶ್ನೆ: ಕೋಲಾರದಿಂದ ಕೇಳ್ತಿದ್ದೀನಿ. ಕ್ರಿಪ್ಟೊ ಆ್ಯಪ್‌ನಲ್ಲಿ 100 ರೂ. ತೋರಿಸಿದ ಕಾಯಿನ್ 200 ಮಾರ್ಕೆಟ್ ಆರ್ಡರ್ ಹಾಕಿ ತಗೊಂಡೆ, ಸರಾಸರಿ 101.25 ಬಿತ್ತು. ಲಿಮಿಟ್ ಹಾಕಬೇಕಿತ್ತಾ, ಸ್ಟಾಪ್-ಲಿಮಿಟ್ಟಾ?

ಉತ್ತರ: ಲಿಮಿಟ್, ಅಂದರೆ ಇಷ್ಟಕ್ಕಿಂತ ಹೆಚ್ಚು ಕೊಡಲ್ಲ ಅನ್ನುವ ಆರ್ಡರ್. ತೆರೆಯ ಮೇಲಿನ 100 ಕೊನೆಯ ವಹಿವಾಟಿನ ಬೆಲೆ ಅಷ್ಟೆ. ಆರ್ಡರ್ ಬುಕ್ ತೆರೆದು ಮಾರುವವರ ಸಾಲು ನೋಡಿ. ಅಲ್ಲಿ 100ಕ್ಕೆ 50, 101ಕ್ಕೆ 100, 103ಕ್ಕೆ 50 ಕಾಯಿನ್ ಇದ್ದವು ಅನ್ನಿ. ಮಾರ್ಕೆಟ್ ಆರ್ಡರ್ ಮೂರನ್ನೂ ಬಳಿದುಕೊಳ್ಳುತ್ತದೆ: ಒಟ್ಟು 20,250 ರೂ., ಸರಾಸರಿ ನಿಮ್ಮ 101.25. ನಮ್ಮ ಟೊಮೆಟೊ ಮಂಡಿಯಲ್ಲೂ ಅಷ್ಟೇ, ಇನ್ನೂರು ಬಾಕ್ಸ್ ಈಗಲೇ ಬೇಕೆಂದವನಿಗೆ ಕೊನೆಯ ಬಾಕ್ಸ್ ಅಗ್ಗಕ್ಕೆ ಸಿಗಲ್ಲ.

101ಕ್ಕೆ ಲಿಮಿಟ್ ಹಾಕಿದ್ದರೆ 150 ಕಾಯಿನ್ ಸುಮಾರು 100.67ರ ಸರಾಸರಿಗೆ ಬರುತ್ತಿದ್ದವು. ಉಳಿದ 50 ಬುಕ್‌ನಲ್ಲಿ ಕಾಯುತ್ತವೆ. ಬೆಲೆ ಇಳಿಯದಿದ್ದರೆ ಸಿಗದೇ ಇರಬಹುದು. ಬಿಟ್‌ಕಾಯಿನ್‌ನಂತೆ ಸಾಲು ದಟ್ಟವಾಗಿದ್ದು ಮೊತ್ತ ಸಣ್ಣದಾದರೆ ಮಾರ್ಕೆಟ್ ಆರ್ಡರ್‌ನಿಂದ ದೊಡ್ಡ ನಷ್ಟವೇನಿಲ್ಲ.

ಬೆಲೆ 105 ದಾಟಿದ ಮೇಲಷ್ಟೇ ಕೊಳ್ಳಬೇಕೆಂದರೆ ಸ್ಟಾಪ್-ಲಿಮಿಟ್. ಇದರಲ್ಲಿ ಆರ್ಡರ್‌ಗೆ ಜೀವ ಕೊಡುವ ಬೆಲೆ ಸ್ಟಾಪ್, ನೀವು ಕೊಡುವ ಗರಿಷ್ಠ ಬೆಲೆ ಲಿಮಿಟ್. ಹೊಸಬರು ಎರಡನ್ನೂ 105 ಇಡುತ್ತಾರೆ. ಬೆಲೆ 104.8ರಿಂದ 105.6ಕ್ಕೆ ಹಾರಿದರೆ ಆರ್ಡರ್ ಜೀವ ಪಡೆಯುತ್ತದೆ, ಆದರೆ 105ಕ್ಕೆ ಮಾರುವವರಿಲ್ಲದೆ ‘ಓಪನ್’ ಎಂದೇ ನಿಲ್ಲುತ್ತದೆ. ಸ್ಟಾಪ್ 105, ಲಿಮಿಟ್ 106 ಇಡಿ. 106ಕ್ಕಿಂತ ಹೆಚ್ಚಂತೂ ಕೊಡಬೇಕಾಗಿಲ್ಲ.